ಬೆಸ ಪ್ರತಿಗೆ ಒಂದು, ಸಮ ಪ್ರತಿಗೆ ಇನ್ನೊಂದು

ಆನ್‌ಲೈನ್ ಕೋಡಿಂಗ್ ಕೋರ್ಸ್ ನಡೆಸುವವರು ಕಾಲೇಜು ವಿದ್ಯಾರ್ಥಿಗಳನ್ನು ಸೆಳೆಯಲು ಗೂಗಲ್ ಸರ್ಚ್‌ನಲ್ಲಿ ಜಾಹೀರಾತು ಕೊಡಲು ಹೊರಟರೆ, ಅಲ್ಲಿನ ಫಾರ್ಮಿನಲ್ಲಿ ಹದಿನೈದರವರೆಗೆ ತಲೆಬರಹಗಳನ್ನು ತುಂಬಬಹುದು. ಒಂದೊಂದಕ್ಕೂ 30 ಅಕ್ಷರಗಳ ಮಿತಿ. ‘ಮನೆಯಲ್ಲೇ ಪೈಥಾನ್ ಕಲಿಯಿರಿ’ ಎಂದು ಬರೆಯಬಹುದು, ‘ಪ್ಲೇಸ್‌ಮೆಂಟ್‌ಗೆ ಸಿದ್ಧರಾಗಿ’ ಎಂದೂ ಬರೆಯಬಹುದು. ಯಾವುದು ಹೆಚ್ಚು ಜನರನ್ನು ಕರೆತರುತ್ತದೆ ಎಂದು ಕೂತು ವಾದಿಸುವ ಬದಲು, ನೋಡುವವರನ್ನೇ ಎರಡು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ತಲೆಬರಹ ತೋರಿಸಿ ಲೆಕ್ಕ ಹಿಡಿಯುವುದಕ್ಕೆ ಸ್ಪ್ಲಿಟ್ ಟೆಸ್ಟ್ ಅಥವಾ ಎ/ಬಿ ಟೆಸ್ಟ್ ಎನ್ನುತ್ತಾರೆ. ಇಂಟರ್‌ನೆಟ್ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ ಅಮೆರಿಕದ ಮುದ್ರಣಾಲಯಗಳಲ್ಲಿ ಇದು ರೂಢಿಗೆ ಬಂದಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅಂಚೆಯ ಮೂಲಕ ಕೋರ್ಸ್ ಮಾರುತ್ತಿದ್ದವರೂ ಇದ್ದರು.

ಕೂಪನ್ ಹೇಳಿದ ಗುಟ್ಟು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳ ತುಂಬ ಅಂಚೆ ಶಿಕ್ಷಣದ ಜಾಹೀರಾತುಗಳಿರುತ್ತಿದ್ದವು. ಇಂಗ್ಲಿಷ್, ಪಿಯಾನೋ, ಲೆಕ್ಕಪತ್ರ, ಯಾವುದನ್ನು ಬೇಕಾದರೂ ಅಂಚೆಯಲ್ಲಿ ಕಲಿಯಬಹುದಿತ್ತು. ಈ ಜಾಹೀರಾತುಗಳಿಗೆ ಸೋಪು, ಸಿಗರೇಟಿನ ಜಾಹೀರಾತುಗಳಿಗಿಲ್ಲದ ಒಂದು ಅನುಕೂಲವಿತ್ತು. ಸೋಪು ಅಂಗಡಿಯಲ್ಲಿ ಬಿಕರಿಯಾಗುತ್ತದೆ. ಯಾವ ಜಾಹೀರಾತು ನೋಡಿ ಕೊಂಡರೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂಚೆ ಕೋರ್ಸ್ ಬೇಕಾದವರು ಮಾತ್ರ ಪುಟದ ಮೂಲೆಯ ಕೂಪನ್ ಕತ್ತರಿಸಿ, ಹೆಸರು ವಿಳಾಸ ಬರೆದು ಕಳಿಸಬೇಕಿತ್ತು.

ಆ ಕೂಪನ್ನಿನಲ್ಲೇ ಜಾಹೀರಾತುದಾರರು ಒಂದು ಗುರುತು ಸೇರಿಸಿದರು. ಕಂಪನಿಯ ವಿಳಾಸದ ಜತೆ ವಿಭಾಗದ ಸಂಖ್ಯೆ ಎಂಬ ನೆಪದಲ್ಲಿ ಒಂದು ಅಂಕಿ. ಒಂದು ಪತ್ರಿಕೆಯ ಜಾಹೀರಾತಿಗೆ ಒಂದು ಸಂಖ್ಯೆ, ಇನ್ನೊಂದಕ್ಕೆ ಬೇರೆ ಸಂಖ್ಯೆ. ಕಚೇರಿಗೆ ಬಂದ ಲಕೋಟೆಗಳನ್ನು ಸಂಖ್ಯೆಯ ಪ್ರಕಾರ ವಿಂಗಡಿಸಿದರೆ ಯಾವ ಜಾಹೀರಾತು ಎಷ್ಟು ಜನರನ್ನು ತಂದಿತೆಂಬುದು ಖಚಿತವಾಗಿ ಸಿಗುತ್ತಿತ್ತು. ಈ ಲೆಕ್ಕವನ್ನೇ ಆಧಾರ ಮಾಡಿಕೊಂಡು ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಟ್ಟ ಪುಸ್ತಕ ಬರೆದ. ಉಳಿದುದೆಲ್ಲವನ್ನೂ ಹಾಗೇ ಇಟ್ಟು ತಲೆಬರಹವೊಂದನ್ನೇ ಬದಲಿಸಿದರೂ ಬರುವ ಉತ್ತರಗಳು ಐದು, ಹತ್ತು ಪಟ್ಟು ಏರುವುದು ಅಪರೂಪವಲ್ಲ ಎಂಬುದು ಅವನ ಅನುಭವ.

ಶೆರ್ವಿನ್ ಕೋಡಿ ಎಂಬವರ ಇಂಗ್ಲಿಷ್ ಕೋರ್ಸಿನ ಜಾಹೀರಾತು ಇದಕ್ಕೆ ಪ್ರಸಿದ್ಧ ಉದಾಹರಣೆ. ಮ್ಯಾಕ್ಸ್‌ವೆಲ್ ಸ್ಯಾಕೀಮ್ ಬರೆದ ಅದರ ತಲೆಬರಹ, ‘ಇಂಗ್ಲಿಷಿನಲ್ಲಿ ಈ ತಪ್ಪುಗಳನ್ನು ನೀವೂ ಮಾಡುತ್ತೀರಾ?’ ಎಂದು ಕೇಳುತ್ತಿತ್ತು. ಯಾವ ತಪ್ಪುಗಳು ಎಂದು ತಿಳಿಯಬೇಕಾದರೆ ಕೆಳಗೆ ಓದಲೇಬೇಕು. ಅಲ್ಲಿ ನಿಜವಾಗಿಯೂ ತಪ್ಪುಗಳ ಪಟ್ಟಿ ಇರುತ್ತಿತ್ತು. ಬೇರೆ ಬೇರೆ ತಲೆಬರಹಗಳನ್ನು ಹಾಕಿ ನೋಡಿದರೂ ಕೂಪನ್ ಲೆಕ್ಕದಲ್ಲಿ ಇದನ್ನು ಸೋಲಿಸಲಾಗಲಿಲ್ಲ. ಹಾಗಾಗಿ ಸುಮಾರು ನಾಲ್ಕು ದಶಕ ಅದೇ ಜಾಹೀರಾತು ಹೆಚ್ಚು ಬದಲಾವಣೆಯಿಲ್ಲದೆ ಅಚ್ಚಾಗುತ್ತಲೇ ಇತ್ತು.

1925ರ ಸುಮಾರಿಗೆ ಜಾನ್ ಕೇಪಲ್ಸ್ ಎಂಬ ತರುಣ ಸಂಗೀತದ ಅಂಚೆ ಶಾಲೆಯೊಂದಕ್ಕೆ ಜಾಹೀರಾತು ಬರೆದ. ಪಿಯಾನೋ ಮುಂದೆ ಕೂತಾಗ ಎಲ್ಲರೂ ನಕ್ಕರು, ಆದರೆ ನುಡಿಸತೊಡಗಿದಾಗ ಏನಾಯಿತು ಗೊತ್ತೇ ಎಂಬ ಧಾಟಿಯ ಆ ತಲೆಬರಹ ಇಂದಿಗೂ ಜಾಹೀರಾತು ತರಗತಿಗಳಲ್ಲಿ ಪಾಠವಾಗಿದೆ. ಅಮೆರಿಕದ ನೌಕಾಪಡೆಯ ಅಕಾಡೆಮಿಯಲ್ಲಿ ಓದಿದ್ದ ಕೇಪಲ್ಸ್‌ಗೆ ಬರೆಯುವುದರಷ್ಟೇ ಎಣಿಸುವುದರಲ್ಲೂ ಆಸಕ್ತಿ. 1932ರಲ್ಲಿ ಅವನು ಪ್ರಕಟಿಸಿದ ‘ಟೆಸ್ಟೆಡ್ ಅಡ್ವರ್ಟೈಸಿಂಗ್ ಮೆಥಡ್ಸ್’ ಪುಸ್ತಕದಲ್ಲಿ, ಗೆಲ್ಲುವ ತಲೆಬರಹಗಳು ಮುಖ್ಯವಾಗಿ ಮೂರು ಬಗೆಯವೆಂದು ಹೇಳಿದ. ಓದುಗನಿಗೆ ಲಾಭ ಹೇಳುವವು, ಹೊಸ ಸುದ್ದಿ ಕೊಡುವವು, ಕುತೂಹಲ ಕೆರಳಿಸುವವು. ಲಾಭದ ಮಾತು ಎಲ್ಲಕ್ಕಿಂತ ಬಲವಾದದ್ದು, ಬರೀ ಕುತೂಹಲವನ್ನು ನಂಬಿದರೆ ಕೆಡುತ್ತದೆ ಎಂಬುದು ಅವನ ಎಣಿಕೆಯಿಂದ ಬಂದ ತೀರ್ಮಾನ.

ಲೆಕ್ಕದಲ್ಲಿ ಉಳಿದ ಬಿರುಕು

ಕೂಪನ್ ಲೆಕ್ಕ ನಿಖರವಾಗಿತ್ತು, ಆದರೆ ಹೋಲಿಕೆ ನ್ಯಾಯವಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅಚ್ಚಾದ ತಲೆಬರಹ ಎ 400 ಕೂಪನ್ ತಂದು, ಏಪ್ರಿಲಿನಲ್ಲಿ ಅಚ್ಚಾದ ಬಿ 500 ತಂದಿತು ಎಂದಿಟ್ಟುಕೊಳ್ಳಿ. ಗೆದ್ದದ್ದು ತಲೆಬರಹವೇ? ಏಪ್ರಿಲಿನ ಸಂಚಿಕೆ ಹೆಚ್ಚು ಮಾರಾಟವಾಗಿರಬಹುದು, ಜಾಹೀರಾತು ಒಳ್ಳೆಯ ಪುಟದಲ್ಲಿ ಬಿದ್ದಿರಬಹುದು, ಜನರ ಕೈಯಲ್ಲಿ ಆ ತಿಂಗಳು ಹೆಚ್ಚು ಕಾಸಿದ್ದಿರಬಹುದು. ಎರಡನ್ನೂ ಒಂದೇ ದಿನ ಎರಡು ಪತ್ರಿಕೆಗಳಲ್ಲಿ ಹಾಕಿದರೆ, ಎರಡರ ಓದುಗರೇ ಬೇರೆ.

ಕಾನ್ಸಾಸ್ ರಾಜ್ಯದ ಗಿರಾರ್ಡ್ ಎಂಬ ಪುಟ್ಟ ಊರಿನಿಂದ ‘ಲಿಟಲ್ ಬ್ಲೂ ಬುಕ್ಸ್’ ಎಂಬ ಅಗ್ಗದ ಪುಸ್ತಿಕೆಗಳನ್ನು ಹೊರತರುತ್ತಿದ್ದ ಹಾಲ್ಡೆಮನ್-ಜೂಲಿಯಸ್ ಇಂಥ ಹೋಲಿಕೆಗಳನ್ನು ಧಾರಾಳವಾಗಿ ಮಾಡುತ್ತಿದ್ದ. ಫ್ರೆಂಚ್ ಲೇಖಕ ಗೋತಿಯೇನ ‘ಫ್ಲೀಸ್ ಆಫ್ ಗೋಲ್ಡ್’, ಅಂದರೆ ಚಿನ್ನದ ಉಣ್ಣೆ, 1925ರಲ್ಲಿ ಸುಮಾರು 6,000 ಪ್ರತಿ ಹೋಗಿತ್ತು. ಮಾರನೆಯ ವರ್ಷ ಅದೇ ಪುಸ್ತಿಕೆಗೆ ಹೊಂಗೂದಲ ಪ್ರೇಯಸಿಯ ಹುಡುಕಾಟ ಎಂಬರ್ಥದ ಹೆಸರಿಟ್ಟ. 50,000 ಪ್ರತಿ ಹೋಯಿತು. ಇಷ್ಟು ದೊಡ್ಡ ಅಂತರಕ್ಕೆ ವರ್ಷ ಬದಲಾದದ್ದೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಅಂತರ ಎಂಟು ಪಟ್ಟಿನ ಬದಲು ಶೇಕಡಾ 20ರಷ್ಟು ಇದ್ದಿದ್ದರೆ? ಆಗ ಹೆಸರಿನ ಪಾಲೆಷ್ಟು, ವರ್ಷದ ಪಾಲೆಷ್ಟು ಎಂದು ಬಿಡಿಸುವ ದಾರಿಯೇ ಇರಲಿಲ್ಲ.

ಆ ದಾರಿ ಸಿಕ್ಕಿದ್ದು ರೋಟರಿ ಮುದ್ರಣಯಂತ್ರದಲ್ಲಿ. ದೊಡ್ಡ ಪತ್ರಿಕೆಗಳ ಯಂತ್ರದಲ್ಲಿ ಉರುಳೆ ಒಂದು ಸುತ್ತು ತಿರುಗಿದಾಗ ಒಂದೇ ಪುಟದ ಎರಡು ಪ್ರತಿ ಅಚ್ಚಾಗುವಂತೆ, ಒಂದೇ ಪುಟದ ಎರಡು ಅಚ್ಚು ಫಲಕಗಳನ್ನು ಅದಕ್ಕೆ ಕೂಡಿಸುವ ಪದ್ಧತಿಯಿತ್ತು. ಎರಡೂ ಫಲಕ ಒಂದೇ ತೆರನಾಗಿರಬೇಕೆಂಬ ನಿಯಮವೇನಿಲ್ಲವಲ್ಲ! ಒಂದು ಫಲಕದಲ್ಲಿ ತಲೆಬರಹ ಎ, ಇನ್ನೊಂದರಲ್ಲಿ ತಲೆಬರಹ ಬಿ, ಕೂಪನ್ನಿನ ಸಂಖ್ಯೆಯೂ ಬೇರೆ ಬೇರೆ. ಯಂತ್ರದಿಂದ ಹೊರಬರುವ ಪ್ರತಿಗಳಲ್ಲಿ ಬೆಸ ಪ್ರತಿಗೆ ಎ, ಸಮ ಪ್ರತಿಗೆ ಬಿ. ಕಟ್ಟು ಕಟ್ಟಿ ಊರೂರಿಗೆ ಕಳಿಸಿದಾಗ ಪ್ರತಿ ಅಂಗಡಿ, ಪ್ರತಿ ಬೀದಿಯಲ್ಲೂ ಎರಡೂ ಅರ್ಧರ್ಧ. ದಿನ ಒಂದೇ, ಪುಟ ಒಂದೇ, ಜಾಗ ಒಂದೇ, ಓದುಗರ ಬಗೆಯೂ ಒಂದೇ. ಬೇರೆಯಾಗಿ ಉಳಿದದ್ದು ತಲೆಬರಹ ಮಾತ್ರ. ಇದಕ್ಕೆ ಸ್ಪ್ಲಿಟ್ ರನ್ ಎಂಬ ಹೆಸರು ಬಿತ್ತು, ಕೇಪಲ್ಸ್ ಇದರ ದೊಡ್ಡ ಪ್ರಚಾರಕನಾದ.

ಅದೇ ಕಾಲದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಇದೇ ತೊಡಕನ್ನು ಹೊಲದಲ್ಲಿ ಎದುರಿಸುತ್ತಿದ್ದ. ಒಂದು ಹೊಲಕ್ಕೆ ಒಂದು ಗೊಬ್ಬರ, ಪಕ್ಕದ್ದಕ್ಕೆ ಇನ್ನೊಂದು ಹಾಕಿದರೆ, ಬೆಳೆಯ ವ್ಯತ್ಯಾಸ ಗೊಬ್ಬರದ್ದೋ ಮಣ್ಣಿನದ್ದೋ ತಿಳಿಯದು. ಹೊಲವನ್ನು ಚಿಕ್ಕ ತುಂಡುಗಳಾಗಿ ವಿಂಗಡಿಸಿ, ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು ಎಂಬುದು ಅವನ ಉತ್ತರ. 1935ರ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಈ ವಿಚಾರ ವಿಸ್ತಾರವಾಗಿ ಬಂತು. ಹೀಗೆ ಹಂಚಿದ ಮೇಲೂ ಬರೀ ಅದೃಷ್ಟದಿಂದ ಎಷ್ಟು ವ್ಯತ್ಯಾಸ ಬರಬಹುದು ಎಂಬುದನ್ನು ಲೆಕ್ಕ ಹಾಕುವ ದಾರಿಯನ್ನೂ ಅವನು ಕೊಟ್ಟ. ಮುದ್ರಣಯಂತ್ರದ ಉಪಾಯಕ್ಕೆ ಬೇಕಾಗಿದ್ದದ್ದು ಈ ಎರಡನೆಯದು.

ಕೋಡಿಂಗ್ ಕೋರ್ಸಿನ ಲೆಕ್ಕ

ಆ ಲೆಕ್ಕವನ್ನು ನಮ್ಮ ಕೋರ್ಸಿಗೆ ಹಚ್ಚಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು. ತಲೆಬರಹ ಎ: ‘ಮನೆಯಲ್ಲೇ ಪೈಥಾನ್ ಕಲಿಯಿರಿ’. ತಲೆಬರಹ ಬಿ, ಕೋಡಿಯವರ ಜಾಹೀರಾತಿನ ಮೊಮ್ಮಗ: ‘ಕೋಡಿಂಗಲ್ಲಿ ಈ ತಪ್ಪು ಮಾಡ್ತೀರಾ?’ ಚಿತ್ರ, ಕೆಳಗಿನ ಬರಹ, ಕ್ಲಿಕ್ ಮಾಡಿದಾಗ ತೆರೆಯುವ ಪುಟ ಎಲ್ಲವೂ ಒಂದೇ. ಒಂದೊಂದನ್ನೂ 4,000 ಬಾರಿ ತೋರಿಸಲಾಯಿತು. ಎಗೆ 120 ಕ್ಲಿಕ್, ಬಿಗೆ 150. ಬಿ ಶೇಕಡಾ 25ರಷ್ಟು ಮುಂದೆ.

ಇಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಎರಡನ್ನೂ ಸಮನಾಗಿ ತೋರಿಸಿದ್ದರೆ, ಎರಡೂ ಕ್ಲಿಕ್ಕುಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ, ಅದನ್ನು ಇಮ್ಮಡಿ ಮಾಡಿ. ಎರಡರ ನಡುವಿನ ಅಂತರ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಅದು ಬರೀ ಅದೃಷ್ಟವಲ್ಲ ಎನ್ನಲು ಸಾಕಷ್ಟು ಆಧಾರವಿದೆ. ಇಲ್ಲಿ ಮೊತ್ತ 270, ವರ್ಗಮೂಲ ಸುಮಾರು 16.4, ಇಮ್ಮಡಿ ಮಾಡಿದರೆ 33. ನಮ್ಮ ಅಂತರ 30. ಅಂದರೆ ಶೇಕಡಾ 25 ಎಂಬ ದೊಡ್ಡ ಸಂಖ್ಯೆ ಕಂಡರೂ ತೀರ್ಪು ಇನ್ನೂ ಬಂದಿಲ್ಲ. ಒಂದೇ ತಲೆಬರಹವನ್ನು ಎರಡೂ ಕಡೆ ಹಾಕಿದ್ದರೂ ಇದಕ್ಕೆ ಹತ್ತಿರದ ಅಂತರ ಆಗಾಗ ಬರುತ್ತದೆ. ನಂಬಿಕೆಯಿಲ್ಲದವರು ಹಾಗೆ ಮಾಡಿಯೇ ನೋಡಬಹುದು; ಎ/ಎ ಟೆಸ್ಟ್ ಎಂಬ ಹೆಸರಿನಲ್ಲಿ ಅದೂ ರೂಢಿಯಲ್ಲಿದೆ.

ಒಂದೊಂದನ್ನೂ 8,000 ಬಾರಿ ತೋರಿಸುವವರೆಗೆ ಟೆಸ್ಟ್ ಮುಂದುವರಿಸಿದಾಗ ಎಗೆ 240, ಬಿಗೆ 300 ಕ್ಲಿಕ್ ಬಂದವು ಎನ್ನೋಣ. ಪ್ರಮಾಣ ಅದೇ, ಆದರೆ ಈಗ ಅಂತರ 60, ದಾಟಬೇಕಾದ ಗೆರೆ 46. ಈಗ ಬಿ ಹೆಚ್ಚು ಕ್ಲಿಕ್ ತರುತ್ತದೆ ಎನ್ನಬಹುದು. ಎಲ್ಲಿಯವರೆಗೆ ನಡೆಸಬೇಕು ಎಂಬುದನ್ನು ಮಾತ್ರ ಮೊದಲೇ ನಿರ್ಧರಿಸಿರಬೇಕು. ದಿನಾ ಬೆಳಗ್ಗೆ ಡ್ಯಾಶ್‌ಬೋರ್ಡ್ ತೆರೆದು, ಅಂತರ ಗೆರೆ ದಾಟಿದ ದಿನವೇ ನಿಲ್ಲಿಸಿ ಜಯ ಸಾರುವ ಚಾಳಿ ತುಂಬ ಮಂದಿಗಿದೆ. ಹೆಚ್ಚುಕಡಮೆ ಶೇಕಡಾ 5ರಷ್ಟು ತಪ್ಪು ಜಯಗಳನ್ನು ಮಾತ್ರ ಬಿಟ್ಟುಕೊಳ್ಳುವ ಈ ಗೆರೆ ಒಂದು ಸಲ ನೋಡುವುದಕ್ಕೆ ಹಾಕಿದ್ದು. ನಡುನಡುವೆ ಹತ್ತು ಸಲ ನೋಡಿ ನಿಲ್ಲಿಸಲು ಹೊರಟರೆ, ನಿಜವಾದ ವ್ಯತ್ಯಾಸವೇ ಇಲ್ಲದಾಗಲೂ ಸುಳ್ಳು ಜಯ ಸಿಗುವ ಸಾಧ್ಯತೆ ಶೇಕಡಾ 19ರ ಹತ್ತಿರ ಹೋಗುತ್ತದೆ ಎಂದು ಪೀಟರ್ ಆರ್ಮಿಟೇಜ್ ಮತ್ತು ಸಂಗಡಿಗರು 1969ರಲ್ಲೇ ತೋರಿಸಿದ್ದರು.

ಇನ್ನು ಕೇಪಲ್ಸ್ ಕೊಟ್ಟ ಎಚ್ಚರಿಕೆ. ಕೂಪನ್ ಕಳಿಸಿದವರೆಲ್ಲ ಕೋರ್ಸ್ ಕೊಳ್ಳುವುದಿಲ್ಲ. ನಮ್ಮ 240 ಕ್ಲಿಕ್ಕುಗಳಲ್ಲಿ 12 ಮಂದಿ, 300 ಕ್ಲಿಕ್ಕುಗಳಲ್ಲಿ 9 ಮಂದಿ ಶುಲ್ಕ ಕಟ್ಟಿ ಸೇರಿದರು ಎಂದುಕೊಳ್ಳಿ. ಕ್ಲಿಕ್ಕಿನಲ್ಲಿ ಸೋತ ಎ, ಪ್ರವೇಶದಲ್ಲಿ ಮುಂದಿದೆ. ಇದು ಆಗಬಹುದಾದದ್ದೇ. ‘ಈ ತಪ್ಪು’ ಯಾವುದೆಂದು ನೋಡಲು ಬಂದವರಲ್ಲಿ ಆಗಲೇ ಕೋಡಿಂಗ್ ಬಲ್ಲವರೂ ಇರುತ್ತಾರೆ. ಅವರಿಗೆ ಕೋರ್ಸ್ ಬೇಡ. ಪೈಥಾನ್ ಕಲಿಯಿರಿ ಎಂದದ್ದಕ್ಕೆ ಬಂದವರು ಕಲಿಯಲೆಂದೇ ಬಂದವರು. ಆದರೆ ಇದನ್ನೂ ಗೆರೆಗೆ ಹಚ್ಚಬೇಕಲ್ಲ? ಮೊತ್ತ 21, ವರ್ಗಮೂಲ 4.6, ಗೆರೆ 9ಕ್ಕೂ ಮೇಲೆ, ಅಂತರ 3. ಏನೂ ಹೇಳುವಂತಿಲ್ಲ. ಇದೇ ಪ್ರಮಾಣದಲ್ಲಿ ಗೆರೆ ದಾಟಬೇಕಾದರೆ ಟೆಸ್ಟ್ ಒಂಬತ್ತು, ಹತ್ತು ಪಟ್ಟು ದೊಡ್ಡದಾಗಬೇಕು. ಒಂದು ಕ್ಲಿಕ್ಕಿಗೆ 10 ರೂಪಾಯಿ ಎಂದರೆ ಈವರೆಗಿನ ಖರ್ಚು 5,400. ಪ್ರವೇಶದ ಪ್ರಶ್ನೆಗೆ ಉತ್ತರ ಬೇಕೆಂದರೆ ಕಡಮೆಯೆಂದರೂ 50,000 ರೂಪಾಯಿ.

ಮೂರನೆಯ ತಲೆಬರಹವೊಂದನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ: ‘100% ಕೆಲಸ ಗ್ಯಾರಂಟಿ’. ಕೊನೆಯ ಸೆಮಿಸ್ಟರಿನ ಹುಡುಗ ಹುಡುಗಿಯರ ನಡುವೆ ಅದು ಬಹುಶಃ ಎರಡನ್ನೂ ಸೋಲಿಸುತ್ತದೆ. ಟೆಸ್ಟಿಗೆ ಸತ್ಯ ಸುಳ್ಳು ಗೊತ್ತಿಲ್ಲ; ಚಿನ್ನದ ಉಣ್ಣೆಯನ್ನು ಪ್ರೇಯಸಿಯಾಗಿಸಿದ ಲೆಕ್ಕವೂ ಅಂಥದೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆ ಹೊರಡಿಸಿದ ಮಾರ್ಗಸೂಚಿ, ಉದ್ಯೋಗ ಖಚಿತ ಎಂಬಂಥ ಭರವಸೆಗಳನ್ನು ತಡೆಯುತ್ತದೆ. ಹಾಗಾಗಿ ಇಂಥವನ್ನು ಟೆಸ್ಟಿಗೆ ಮೊದಲೇ ಪಟ್ಟಿಯಿಂದ ಹೊಡೆದುಹಾಕಬೇಕು. ಗೆದ್ದ ಮೇಲೆ ಕೈಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ.

ಆರು ತಿಂಗಳು ಮೂಲೆಯಲ್ಲಿದ್ದ ತಲೆಬರಹ

ಅಂಚೆ ಕೂಪನ್ನಿಗೆ ವಾರಗಟ್ಟಲೆ ಕಾಯಬೇಕಿತ್ತು. ಇಂಟರ್‌ನೆಟ್ ಅದನ್ನು ಗಂಟೆಗಳಿಗೆ ಇಳಿಸಿತು. 2012ರಲ್ಲಿ ಮೈಕ್ರೋಸಾಫ್ಟಿನ ಬಿಂಗ್ ಸರ್ಚ್‌ನಲ್ಲಿ ನಡೆದದ್ದನ್ನು ಅಲ್ಲಿ ಪ್ರಯೋಗಗಳ ಹೊಣೆ ಹೊತ್ತಿದ್ದ ರಾನ್ ಕೊಹಾವಿ ಬರೆದಿದ್ದಾರೆ. ಜಾಹೀರಾತಿನ ತಲೆಬರಹ ತೋರಿಸುವ ಬಗೆಯನ್ನು ಬದಲಿಸೋಣ ಎಂದು ಉದ್ಯೋಗಿಯೊಬ್ಬರು ಸಲಹೆ ಕೊಟ್ಟಿದ್ದರು. ಕೆಳಗಿನ ವಿವರಣೆಯ ಮೊದಲ ಸಾಲನ್ನು ತಲೆಬರಹದ ಪಕ್ಕಕ್ಕೇ ಸೇರಿಸಿ ಉದ್ದ ಮಾಡುವುದು, ಅಷ್ಟೇ. ದೊಡ್ಡದೇನಲ್ಲ ಎಂದು ಆ ಸಲಹೆ ಆರು ತಿಂಗಳಿಗೂ ಹೆಚ್ಚು ಕಾಲ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ಎಂಜಿನಿಯರೊಬ್ಬರು ಕೆಲವೇ ದಿನಗಳಲ್ಲಿ ಕೋಡ್ ಬರೆದು ಎ/ಬಿ ಟೆಸ್ಟಿಗೆ ಬಿಟ್ಟರು.

ಕೆಲವು ಗಂಟೆಗಳಲ್ಲೇ ಎಚ್ಚರಿಕೆಯ ಸಂದೇಶ ಬಂತು: ಆದಾಯ ನಂಬಲಾರದಷ್ಟು ಏರಿದೆ. ಸಾಮಾನ್ಯವಾಗಿ ಇಂಥ ಎಚ್ಚರಿಕೆ ಬಂದರೆ ಎಲ್ಲೋ ಒಂದೇ ಆದಾಯ ಎರಡೆರಡು ಸಲ ದಾಖಲಾಗಿದೆ ಎಂದೇ ಅರ್ಥ. ಹಾಗಾಗಿ ತಡಕಿದರು, ಮತ್ತೆ ಮತ್ತೆ ಟೆಸ್ಟ್ ಮಾಡಿದರು. ದೋಷವಿರಲಿಲ್ಲ. ಆದಾಯ ಶೇಕಡಾ 12ರಷ್ಟು ಏರಿತ್ತು. ಅಮೆರಿಕ ಒಂದರಲ್ಲೇ ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚು. ಯಾವ ಸಲಹೆ ದೊಡ್ಡದು, ಯಾವುದು ಚಿಕ್ಕದು ಎಂದು ಅಳೆಯಲು ಆ ಕಚೇರಿಯ ಅನುಭವಸ್ಥರಿಗೂ ಆಗಿರಲಿಲ್ಲ.

ಯಂತ್ರ ಮತ್ತೆ ಬದಲಾದಾಗ

ರೋಟರಿ ಯಂತ್ರದ ಹಿರಿಮೆ ಇದ್ದದ್ದು ಅದರ ದಡ್ಡತನದಲ್ಲಿ. ಯಾವ ಪ್ರತಿ ಯಾರ ಕೈ ಸೇರುತ್ತದೆ ಎಂಬುದು ಅದಕ್ಕೆ ತಿಳಿಯದು. ಇಂದಿನ ಸೋಷಿಯಲ್ ಮೀಡಿಯಾದ ಜಾಹೀರಾತು ವ್ಯವಸ್ಥೆ ಹಾಗಲ್ಲ. ಜನರನ್ನು ಎರಡು ಪಾಲು ಮಾಡಿದ ಮೇಲೂ, ಪ್ರತಿ ಪಾಲಿನೊಳಗೆ ಈ ತಲೆಬರಹಕ್ಕೆ ಯಾರು ಒಲಿಯಬಹುದು ಎಂದು ಊಹಿಸಿ, ಅಂಥವರಿಗೇ ಹೆಚ್ಚಾಗಿ ತೋರಿಸುತ್ತದೆ. ‘ಮನೆಯಲ್ಲೇ ಪೈಥಾನ್’ ಒಂದು ಗುಂಪಿಗೆ, ‘ಈ ತಪ್ಪು’ ಇನ್ನೊಂದು ಗುಂಪಿಗೆ ಹೋಗಬಹುದು. ಕೊನೆಗೆ ಬಂದ ಅಂತರದಲ್ಲಿ ತಲೆಬರಹದ ಪಾಲೂ ಇದೆ, ನೋಡಿದವರ ಪಾಲೂ ಇದೆ. ಮೈಕೆಲ್ ಬ್ರೌನ್ ಮತ್ತು ಎರಿಕ್ ಶ್ವಾರ್ಟ್ಜ್ ‘ಜರ್ನಲ್ ಆಫ್ ಮಾರ್ಕೆಟಿಂಗ್’ನಲ್ಲಿ ಈ ದೋಷವನ್ನು ಬಿಡಿಸಿ ತೋರಿಸಿದ್ದಾರೆ. ಒಂದು ಅರ್ಥದಲ್ಲಿ ನಾವು ಮತ್ತೆ ಎರಡು ಬೇರೆ ಬೇರೆ ಪತ್ರಿಕೆಗಳಲ್ಲಿ ಜಾಹೀರಾತು ಹಾಕುತ್ತಿದ್ದೇವೆ, ಆದರೆ ಡ್ಯಾಶ್‌ಬೋರ್ಡ್ ಅದನ್ನು ಒಂದೇ ಪತ್ರಿಕೆ ಎನ್ನುತ್ತದೆ.

ಕೋಡಿಂಗ್ ಕೋರ್ಸಿಗೆ ಇದು ಇನ್ನೂ ಹತ್ತಿರದ ವಿಷಯ. ಅಂಜಾ ಲ್ಯಾಂಬ್ರೆಕ್ಟ್ ಮತ್ತು ಕ್ಯಾಥರೀನ್ ಟಕರ್ ಎಂಬ ಸಂಶೋಧಕರು ವಿಜ್ಞಾನ, ತಂತ್ರಜ್ಞಾನದ ಉದ್ಯೋಗಗಳ ಬಗೆಗಿನ ಜಾಹೀರಾತೊಂದನ್ನು 191 ದೇಶಗಳಲ್ಲಿ ಫೇಸ್‌ಬುಕ್‌ನಲ್ಲಿ ಹಾಕಿ ನೋಡಿದರು, 2019ರಲ್ಲಿ ಪ್ರಕಟಿಸಿದರು. ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ತೋರಿಸಿ ಎಂದೇ ಹೇಳಿದ್ದರೂ, ಅದು ಹೆಂಗಸರಿಗಿಂತ ಗಂಡಸರಿಗೆ ಶೇಕಡಾ 20ಕ್ಕೂ ಮೀರಿ ಹೆಚ್ಚು ಬಾರಿ ಕಾಣಿಸಿತ್ತು. ಹೆಂಗಸರು ಕ್ಲಿಕ್ ಮಾಡಲಿಲ್ಲವೆಂದಲ್ಲ. ಕಂಡಾಗ ಅವರೇ ಹೆಚ್ಚು ಮಾಡಿದ್ದರು. ಯುವತಿಯರ ಕಣ್ಣಿಗೆ ಬೀಳಲು ಬೇರೆ ಜಾಹೀರಾತುದಾರರು ಹೆಚ್ಚು ದರ ಕೊಡುತ್ತಿದ್ದರು, ಖರ್ಚು ಉಳಿಸುವ ವ್ಯವಸ್ಥೆ ಅಗ್ಗದ ಕಡೆಗೆ ವಾಲಿತ್ತು.

ಇದನ್ನು ಪತ್ತೆ ಹಚ್ಚಲು ಎರಡು ತಪಾಸಣೆ ನೆರವಾಗುತ್ತವೆ. ಮೊದಲು, ಎರಡು ತಲೆಬರಹಗಳನ್ನು ನೋಡಿದವರನ್ನು ವಯಸ್ಸು, ಲಿಂಗ, ಊರಿನ ಪ್ರಕಾರ ವಿಂಗಡಿಸಿ ಪಕ್ಕಪಕ್ಕ ಇಡುವುದು. ಹಂಚಿಕೆ ಬೇರೆಯಿದ್ದರೆ ಕ್ಲಿಕ್ ಹೋಲಿಕೆಗೆ ಬೆಲೆಯಿಲ್ಲ. ಆಮೇಲೆ, ತೋರಿಸಿದ ಸಂಖ್ಯೆಯನ್ನೇ ವರ್ಗಮೂಲದ ಗೆರೆಗೆ ಹಚ್ಚುವುದು. ಅರ್ಧರ್ಧ ಎಂದು ಹೇಳಿದ್ದ ಟೆಸ್ಟ್‌ನಲ್ಲಿ ಒಂದು 8,000 ಬಾರಿ, ಇನ್ನೊಂದು 7,400 ಬಾರಿ ಕಂಡಿದ್ದರೆ, ಗೆರೆ ಸುಮಾರು 250, ಅಂತರ 600. ಇದು ಅದೃಷ್ಟದ ಆಟವಲ್ಲ, ಹಂಚಿಕೆಯೇ ಕೆಟ್ಟಿದೆ. ಗೂಗಲ್ ಸರ್ಚ್‌ನಲ್ಲಿ ಒಂದೊಂದು ತಲೆಬರಹಕ್ಕೂ ಬೇರೆ ಬೇರೆ ಜಾಹೀರಾತು ಮಾಡುವವರು, ಸರದಿಯ ಸೆಟ್ಟಿಂಗ್ ಅನ್ನು `Do not optimize: Rotate ads indefinitely` ಎಂದು ಇಟ್ಟುಕೊಂಡರೆ, ಮುಂದಿರುವುದಕ್ಕೇ ಹೆಚ್ಚು ಅವಕಾಶ ಕೊಡುವ ವ್ಯವಸ್ಥೆಯ ಒಲವನ್ನು ಬಹುಪಾಲು ತಡೆಯಬಹುದು.

ಇಷ್ಟೆಲ್ಲ ತಿಳಿದ ಮೇಲೆ, 5,000 ರೂಪಾಯಿಯ ಬಜೆಟ್ ಹಿಡಿದ ಸಣ್ಣ ಸಂಸ್ಥೆ ಏನು ಮಾಡಬೇಕು? ಉತ್ತರ ಅದೇ ಲೆಕ್ಕದಲ್ಲಿದೆ. ಹುಡುಕುವ ವ್ಯತ್ಯಾಸ ಅರ್ಧವಾದರೆ ಬೇಕಾಗುವ ಕ್ಲಿಕ್ಕುಗಳು ನಾಲ್ಕು ಪಟ್ಟಾಗುತ್ತವೆ. ‘ಕಲಿಯಿರಿ’ ಬದಲು ‘ಕಲಿತುಕೊಳ್ಳಿ’ ಎಂದು ಹಾಕಿ ನೋಡುವುದು ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುವ ಶೋಕಿ. ಕಡಮೆ ದುಡ್ಡಿರುವವರು ಮಾತನ್ನಲ್ಲ, ವಿಷಯವನ್ನೇ ಬದಲಿಸಿ ನೋಡಬೇಕು. ಒಂದು ತಲೆಬರಹ ಪ್ಲೇಸ್‌ಮೆಂಟ್ ಪರೀಕ್ಷೆಯ ಬಗ್ಗೆ, ಇನ್ನೊಂದು ಕಾಲೇಜಿನ ಪ್ರಾಜೆಕ್ಟ್ ಮುಗಿಸುವ ಬಗ್ಗೆ, ಮತ್ತೊಂದು ಕನ್ನಡದಲ್ಲೇ ಪಾಠ ಎನ್ನುವ ಬಗ್ಗೆ ಇರಲಿ. ಹೇಗೆ ಹೇಳುತ್ತೇವೆ ಎಂಬುದಕ್ಕಿಂತ ಏನು ಹೇಳುತ್ತೇವೆ ಎಂಬುದೇ ಹೆಚ್ಚು ಅಂತರ ತರುತ್ತದೆ ಎಂದು ಕೇಪಲ್ಸ್ ಕೂಪನ್ನುಗಳನ್ನು ಎಣಿಸಿ ಕಂಡುಕೊಂಡಿದ್ದ. ಗೆರೆ ದಾಟುವಷ್ಟು ದೊಡ್ಡ ಅಂತರ 500 ಕ್ಲಿಕ್ಕುಗಳಲ್ಲಿ ಸಿಗುವುದಿದ್ದರೆ ಅಲ್ಲೇ ಸಿಗಬೇಕು.